ಕೌದಿಯ ಅಂಚುಪಟ್ಟಿ ಮೂಲೆಯಲ್ಲಿ ದುಂಡಗಾಗುವುದೇಕೆ?

ಪ್ರಶ್ನೆ: ಹಳೆಯ ಇಳಕಲ್ ಸೀರೆಗಳಿಂದ ಕೌದಿ ಹೊಲಿದು, ಸುತ್ತಲೂ ಮಷಿನ್ನಿನಲ್ಲಿ ಪಟ್ಟಿ ಹಚ್ಚಿದ್ದೇನೆ. ಮೂಲೆಗಳು ಚೂಪಾಗಿ ಬರುತ್ತಿಲ್ಲ. ಪಟ್ಟಿಯ ಎರಡು ತುದಿ ಕೂಡುವಲ್ಲಿ ಗಂಟಿನಂತೆ ದಪ್ಪವಾಗಿದೆ. ಏನು ಮಾಡಬೇಕು? (ಓದುಗರೊಬ್ಬರು, ಬಾಗಲಕೋಟೆ)

ಉತ್ತರ: ಮೂಲೆ ದುಂಡಗಾಗಲು ಸಾಮಾನ್ಯ ಕಾರಣವೆಂದರೆ ಹೊಲಿಗೆಯನ್ನು ಕೌದಿಯ ತುದಿಯವರೆಗೂ ಓಡಿಸುವುದು. ಹಾಗೆ ಮಾಡಿದಾಗ ಮಡಿಕೆಗೆ ಬೇಕಾದ ಬಟ್ಟೆ ಹೊಲಿಗೆಯಲ್ಲೇ ಸಿಕ್ಕಿಬೀಳುತ್ತದೆ, ಹಿಂದಕ್ಕೆ ತಿರುಗಿಸಲು ಏನೂ ಉಳಿಯುವುದಿಲ್ಲ.

2.5 ಇಂಚು ಅಗಲದ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿ, ಅದರ ಬಿಡಿ ಅಂಚುಗಳನ್ನು ಕೌದಿಯ ಅಂಚಿಗೆ ಸರಿಯಾಗಿ ಕೂಡಿಸಿ, ಕಾಲು ಇಂಚು ಒಳಗೆ ಹೊಲಿಯುತ್ತಿದ್ದೀರಿ ಎಂದುಕೊಳ್ಳೋಣ. ಒಂದು ಬದಿಯ ನಡುವಿನಿಂದ, ಸುಮಾರು 10 ಇಂಚು ಪಟ್ಟಿಯನ್ನು ಹೊಲಿಯದೆ ಬಿಟ್ಟು ಆರಂಭಿಸಿರಿ. ಮೂಲೆಗೆ ಕಾಲು ಇಂಚು ಇರುವಲ್ಲಿ ಚಾಕಿನಿಂದ ಗುರುತು ಹಾಕಿ, ಅಲ್ಲಿಯೇ ನಿಂತು ಎರಡು ಹೊಲಿಗೆ ಹಿಂದಕ್ಕೆ ಹಾಕಿ ದಾರ ಕತ್ತರಿಸಿರಿ. ಕೌದಿ ದಪ್ಪವಾಗಿದ್ದು ನೀವು ಅರ್ಧ ಇಂಚು ಒಳಗೆ ಹೊಲಿಯುವುದಾದರೆ, ನಿಲ್ಲಬೇಕಾದದ್ದೂ ಅರ್ಧ ಇಂಚು ಮೊದಲೇ. ಈ ಎರಡು ಅಂತರ ಒಂದೇ ಆಗಿರಬೇಕು.

ಈಗ ಪಟ್ಟಿಯನ್ನು ಕೌದಿಯಿಂದ ಹೊರಗೆ ಮೇಲ್ಮುಖವಾಗಿ ಮಡಚಿದರೆ ಮೂಲೆಯಲ್ಲಿ ಓರೆ ಮಡಿಕೆ ಬೀಳುತ್ತದೆ, ಪಟ್ಟಿಯು ಮುಂದಿನ ಬದಿಯ ನೇರಕ್ಕೆ ನಿಲ್ಲುತ್ತದೆ. ಆ ಓರೆ ಕದಲದಂತೆ ಬೆರಳಿನಿಂದ ಒತ್ತಿ ಹಿಡಿದು, ಪಟ್ಟಿಯನ್ನು ಕೆಳಗೆ ಇಳಿಸಿರಿ. ಮೇಲಿನ ಮಡಿಕೆ ಆಗಲೇ ಹೊಲಿದ ಬದಿಯ ಅಂಚಿಗೆ ಸಮನಾಗಿ ಕೂಡಬೇಕು. ಹೊಸ ಬದಿಯ ಹೊಲಿಗೆಯನ್ನು ಆ ಮಡಿಕೆಯ ತುದಿಯಿಂದಲೇ ಆರಂಭಿಸಿರಿ. ಮೂಲೆಯಲ್ಲಿ ಉಳಿದ ಮುಕ್ಕೋನದ ಕಿವಿ ಎರಡೂ ಕಡೆ ಸಡಿಲವಾಗಿ ಆಡಿದರೆ ಮಡಿಕೆ ಸರಿಯಾಗಿದೆ. ಆಡದಿದ್ದರೆ ಮೂಲೆಯ ಮೂರು ನಾಲ್ಕು ಹೊಲಿಗೆಗಳನ್ನಷ್ಟೇ ಬಿಚ್ಚಿದರೆ ಸಾಕು.

ಜೋಡಣೆಯ ಗಂಟಿಗೆ ಕಾರಣ ನೇರ ಹೊಲಿಗೆ, ಏಕೆಂದರೆ ಪದರಗಳೆಲ್ಲ ಅಲ್ಲಿ ಒಂದೇ ಗೆರೆಯ ಮೇಲೆ ಬೀಳುತ್ತವೆ. ಓರೆ ಹೊಲಿಗೆಯಲ್ಲಿ ಆ ದಪ್ಪ ಹರಡಿಕೊಳ್ಳುತ್ತದೆ. ಆರಂಭದ ಜಾಗಕ್ಕೆ ಸುಮಾರು 12 ಇಂಚು ಉಳಿದಾಗ ಹೊಲಿಗೆ ನಿಲ್ಲಿಸಿ, ಎರಡೂ ತುದಿಗಳನ್ನು ಒಂದರ ಮೇಲೊಂದು ಹಾಸಿ, ಸರಿಯಾಗಿ 2.5 ಇಂಚು, ಅಂದರೆ ಬಿಚ್ಚಿದ ಪಟ್ಟಿಯ ಅಗಲದಷ್ಟೇ, ಅತಿಕ್ರಮಿಸುವಂತೆ ಬಿಟ್ಟು ಉಳಿದುದನ್ನು ನೇರವಾಗಿ ಕತ್ತರಿಸಿರಿ. ಓರೆ ಜೋಡಣೆ ಅಷ್ಟೇ ಬಟ್ಟೆಯನ್ನು ತಿನ್ನುತ್ತದೆ. ಇದಕ್ಕಿಂತ ಕಡಿಮೆ ಬಿಟ್ಟರೆ ಪಟ್ಟಿ ಗಿಡ್ಡವಾಗಿ ಕೌದಿ ಸುಕ್ಕುತ್ತದೆ, ಹೆಚ್ಚು ಬಿಟ್ಟರೆ ಪಟ್ಟಿಯೇ ನೆರಿಗೆಗಟ್ಟುತ್ತದೆ.

ಬಳಿಕ ಎರಡೂ ತುದಿಗಳನ್ನು ಬಿಚ್ಚಿ, ಸೀದಾ ಬದಿಗಳು ಒಳಗಾಗುವಂತೆ ಒಂದನ್ನೊಂದು ಅಡ್ಡಲಾಗಿ ಇರಿಸಿದರೆ ಒಂದು ಚೌಕ ಮೂಡುತ್ತದೆ. ಕತ್ತರಿಸಿದ ತುದಿಗಳೆರಡೂ ಸೇರುವ ಮೂಲೆಯೇ ಬಿಸಾಡಬೇಕಾದ ಮೂಲೆ. ಅದನ್ನು ಬೇರ್ಪಡಿಸುವಂತೆ, ಅದರ ಅಕ್ಕಪಕ್ಕದ ಎರಡು ಮೂಲೆಗಳ ನಡುವೆ ಓರೆಯಾಗಿ ಹೊಲಿಯಿರಿ. ಕತ್ತರಿ ಹಾಕುವ ಮೊದಲು ಪಟ್ಟಿಯನ್ನು ಕೌದಿಯ ಮೇಲೆ ಹಾಸಿ, ತಿರುಚಿಲ್ಲವೆಂದು ನೋಡಿಕೊಳ್ಳುವುದನ್ನು ಎಂದಿಗೂ ಬಿಡಬಾರದು. ಅನಂತರ ಕಾಲು ಇಂಚು ಉಳಿಸಿ ಕತ್ತರಿಸಿ, ಒಳ ಅಂಚುಗಳನ್ನು ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ, ಪಟ್ಟಿಯನ್ನು ಮತ್ತೆ ಮಡಚಿ ಉಳಿದ ಬದಿಯನ್ನು ಹೊಲಿಯಿರಿ.

ಹಿಂಬದಿಗೆ ತಿರುಗಿಸಿ ಕೈಹೊಲಿಗೆ ಹಾಕುವಾಗ, ಮೂಲೆಯ ಮಡಿಕೆಯನ್ನು ಮುಂಬದಿಯ ಮಡಿಕೆ ಬಿದ್ದ ದಿಕ್ಕಿಗೆ ವಿರುದ್ಧವಾಗಿ ಹಾಕಿದರೆ ಬಟ್ಟೆಯ ದಪ್ಪ ಎರಡೂ ಕಡೆಗೆ ಹಂಚಿಹೋಗಿ, ಮೂಲೆ ಚಪ್ಪಟೆಯಾಗಿ ಕೂಡುತ್ತದೆ.