ಓದುಗರ ಪ್ರಶ್ನೆ: ಉದಾಹರಣೆ ತೋರಿಸಿದರೆ ಯಂತ್ರ ಕಲಿಯುವುದು ಹೇಗೆ?

ಮಂಡ್ಯದ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ ಕೇಳಿದ್ದಾರೆ: "ಮಷಿನ್ ಲರ್ನಿಂಗ್ ಅಂದರೆ ಯಂತ್ರ ಉದಾಹರಣೆಗಳಿಂದ ಕಲಿಯುವುದು ಅಂತ ಮಕ್ಕಳಿಗೆ ಹೇಳ್ತೀನಿ. 'ಕಲಿಯೋದು ಅಂದ್ರೆ ಒಳಗೆ ಏನಾಗುತ್ತೆ ಮಿಸ್?' ಅಂತಾರೆ. ಏನು ಹೇಳಲಿ?"

ಮೇಡಂ, ಒಳಗೆ ಬದಲಾಗುವುದು ಕೆಲವು ಸಂಖ್ಯೆಗಳು, ಅಷ್ಟೇ. ಅವು ಹೇಗೆ ಬದಲಾಗುತ್ತವೆ ಎಂಬುದನ್ನು ಕಪ್ಪು ಹಲಗೆಯ ಮೇಲೆಯೇ ತೋರಿಸಬಹುದು. ಮಾರುಕಟ್ಟೆಯಿಂದ ಒಂದಷ್ಟು ಕಿತ್ತಳೆ, ಮೂಸಂಬಿ ತನ್ನಿ. ಕಿತ್ತಳೆಯಲ್ಲಿ ನಾಗಪುರದ್ದೂ ಇರಲಿ, ಕೊಡಗಿನದ್ದೂ ಇರಲಿ.

ಪ್ರತಿ ಹಣ್ಣಿಗೂ ಮಕ್ಕಳು ಎರಡು ಅಂಕ ಕೊಡಲಿ. ಬಣ್ಣಕ್ಕೆ ಒಂದು: ಪೂರ್ತಿ ಹಸಿರಾದರೆ 0, ಪೂರ್ತಿ ಕೇಸರಿಯಾದರೆ 10. ಸಿಪ್ಪೆಯ ಸಡಿಲಕ್ಕೆ ಇನ್ನೊಂದು: ತಿರುಳಿಗೆ ಅಂಟಿಕೊಂಡಿದ್ದರೆ 0, ಬೆರಳು ಹಾಕಿದ ಕೂಡಲೇ ಕಳಚಿ ಬಂದರೆ 10. ಯಂತ್ರಕ್ಕೆ ಸಿಗುವುದು ಈ ಎರಡು ಅಂಕಗಳು ಮಾತ್ರ. ಪರಿಮಳ, ರುಚಿ ಯಾವುದೂ ಅದಕ್ಕೆ ತಿಳಿಯದು.

ಇನ್ನು ಯಂತ್ರದ ಲೆಕ್ಕ. ಬಣ್ಣಕ್ಕೆ ಎಷ್ಟು ಮಹತ್ವ, ಸಿಪ್ಪೆಗೆ ಎಷ್ಟು ಮಹತ್ವ ಎಂದು ಅದರ ಬಳಿ ಎರಡು ಸಂಖ್ಯೆಗಳಿವೆ. ಶುರುವಿನಲ್ಲಿ ಎರಡೂ 1 ಇರಲಿ. ಪ್ರತಿ ಅಂಕವನ್ನೂ ಅದರ ಮಹತ್ವದಿಂದ ಗುಣಿಸಿ ಕೂಡಬೇಕು. ಮೊತ್ತ 10 ದಾಟಿದರೆ ಕಿತ್ತಳೆ, ಇಲ್ಲದಿದ್ದರೆ ಮೂಸಂಬಿ. ಉತ್ತರ ಸರಿಯಾದರೆ ಏನನ್ನೂ ಮುಟ್ಟಬಾರದು. ಕಿತ್ತಳೆಯನ್ನು ಮೂಸಂಬಿ ಎಂದರೆ, ಆ ಹಣ್ಣಿನ ಅಂಕಗಳ ಹತ್ತನೇ ಒಂದು ಭಾಗವನ್ನು ಆಯಾ ಮಹತ್ವಕ್ಕೆ ಕೂಡಬೇಕು. ಮೂಸಂಬಿಯನ್ನು ಕಿತ್ತಳೆ ಎಂದರೆ ಅಷ್ಟನ್ನೇ ಕಳೆಯಬೇಕು.

ಮೊದಲು ಕೊಡಗಿನ ಕಿತ್ತಳೆ. ಅದು ಹಣ್ಣಾದರೂ ಸಿಪ್ಪೆ ಹಸಿರು ಬೆರೆತ ಹಳದಿಯಾಗಿಯೇ ಇರುತ್ತದೆ, ನಾಗಪುರದ್ದರಷ್ಟು ಸಡಿಲವೂ ಅಲ್ಲ. ಬಣ್ಣ 4, ಸಿಪ್ಪೆ 5 ಎನ್ನೋಣ. ಮೊತ್ತ 9, ಉತ್ತರ ಮೂಸಂಬಿ. ತಪ್ಪು. ತಿದ್ದಿದಾಗ ಬಣ್ಣದ ಮಹತ್ವ 1.4, ಸಿಪ್ಪೆಯದು 1.5 ಆಗುತ್ತದೆ.

ಮುಂದಿನದು ಚೆನ್ನಾಗಿ ಹಳದಿಗೆ ತಿರುಗಿದ ಮೂಸಂಬಿ. ಬಣ್ಣ 7, ಸಿಪ್ಪೆ 1. ಬಣ್ಣದಿಂದ 9.8, ಸಿಪ್ಪೆಯಿಂದ 1.5, ಒಟ್ಟು 11.3. ಯಂತ್ರ ಕಿತ್ತಳೆ ಎನ್ನುತ್ತದೆ. ಮತ್ತೆ ತಪ್ಪು. ಕಳೆದರೆ ಬಣ್ಣಕ್ಕೆ 0.7, ಸಿಪ್ಪೆಗೆ 1.4 ಉಳಿಯುತ್ತದೆ.

ಈಗ ಕೊಡಗಿನ ಅದೇ ಹಣ್ಣನ್ನು ಮತ್ತೆ ತೋರಿಸಿ. ಮೊತ್ತ 9.8. ಒಮ್ಮೆ ತಿದ್ದಿದ ಹಣ್ಣೇ ಪುನಃ ತಪ್ಪಾಯಿತು! ಇಲ್ಲಿ ಸ್ವಲ್ಪ ನಿಲ್ಲಿ, ಮಕ್ಕಳು ನೋಡಲಿ. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ, ಅದಕ್ಕೇ ಅವೇ ಉದಾಹರಣೆಗಳನ್ನು ಯಂತ್ರಕ್ಕೆ ಮತ್ತೆ ಮತ್ತೆ ತೋರಿಸುವುದು. ಇನ್ನೊಮ್ಮೆ ತಿದ್ದಿದರೆ ಬಣ್ಣ 1.1, ಸಿಪ್ಪೆ 1.9. ಈಗ ಕೊಡಗಿನ ಕಿತ್ತಳೆಗೆ 13.9, ಹಳದಿ ಮೂಸಂಬಿಗೆ 9.6. ಎರಡೂ ಸರಿ. ಬಣ್ಣವನ್ನು ಹೆಚ್ಚು ನಂಬಬೇಡ, ಸಿಪ್ಪೆ ನೋಡು ಎಂದು ಯಾರೂ ಹೇಳಿಕೊಡಲಿಲ್ಲ. ತಪ್ಪುಗಳೇ ಆ ಸಂಖ್ಯೆಗಳನ್ನು ಅಲ್ಲಿಗೆ ತಂದು ನಿಲ್ಲಿಸಿದವು. ಮಕ್ಕಳ ಪ್ರಶ್ನೆಗೆ ಉತ್ತರ ಇದೇ.

ಇದು ನಾನು ಕಟ್ಟಿದ ಆಟವಲ್ಲ. ಫ್ರಾಂಕ್ ರೋಸೆನ್‌ಬ್ಲಾಟ್ ಎಂಬ ಅಮೆರಿಕದ ವಿಜ್ಞಾನಿ 1958ರಲ್ಲಿ ಪ್ರಕಟಿಸಿದ ಪರ್ಸೆಪ್ಟ್ರಾನ್ ವಿಧಾನದ ಸರಳ ರೂಪ. ಈ ವಿಧಾನವನ್ನು ಈಗ ಸಾಮಾನ್ಯವಾಗಿ ಬಳಸುವಾಗ 10 ಎಂಬ ಗೆರೆಯೂ ತಪ್ಪಿನ ಜೊತೆ ಸರಿಯುತ್ತದೆ, ತರಗತಿಗೆ ಸುಲಭವಾಗಲೆಂದು ಅದನ್ನು ಕದಲಿಸದೆ ಇಟ್ಟಿದ್ದೇನೆ. ಫೋಟೊ ನೋಡಿ ಹಣ್ಣು ಗುರುತಿಸುವ ಇಂದಿನ ಮಾದರಿಗಳಲ್ಲಿ ಇಂಥ ಸಂಖ್ಯೆಗಳು ಲಕ್ಷಗಟ್ಟಲೆ ಇರುತ್ತವೆ, ಯಾವುದನ್ನು ಎಷ್ಟು ತಿದ್ದಬೇಕೆಂಬ ಲೆಕ್ಕವೂ ದೊಡ್ಡದು. ತಪ್ಪು ಕಡಿಮೆಯಾಗುವ ಕಡೆಗೆ ಸಂಖ್ಯೆಯನ್ನು ಸರಿಸುವುದು ಮಾತ್ರ ಅಲ್ಲಿಯೂ ಹೀಗೆಯೇ.

ಸಾಧ್ಯವಾದರೆ ಮಾರನೆಯ ದಿನ ಇನ್ನೊಂದು ಪ್ರಯೋಗ ಮಾಡಿಸಿ. ಮಹತ್ವಗಳನ್ನು ಮತ್ತೆ 1ಕ್ಕೆ ತನ್ನಿ, ಕೊಡಗಿನ ಹಣ್ಣನ್ನು ಬಚ್ಚಿಡಿ. ನಾಗಪುರದ ಕೇಸರಿ ಕಿತ್ತಳೆಗೆ ಬಣ್ಣ 9, ಸಿಪ್ಪೆ 8 ಕೊಟ್ಟರೆ ಮೊತ್ತ 17. ಹಳದಿ ಮೂಸಂಬಿಗೆ 8. ಒಂದೂ ತಪ್ಪಿಲ್ಲ, ಹಾಗಾಗಿ ಒಂದು ಸಂಖ್ಯೆಯೂ ಕದಲುವುದಿಲ್ಲ. ನೂರಕ್ಕೆ ನೂರು ಬಂತೆಂದು ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಗ ಬಚ್ಚಿಟ್ಟದ್ದನ್ನು ಹೊರತೆಗೆಯಿರಿ. ಮೊತ್ತ 9, ಉತ್ತರ ಮೂಸಂಬಿ. ಯಂತ್ರ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ಅಂಥ ಕಿತ್ತಳೆಯನ್ನು ಅದಕ್ಕೆ ತೋರಿಸಿಯೇ ಇರಲಿಲ್ಲ.

ಇದನ್ನು ಮೊದಲೇ ಪತ್ತೆಹಚ್ಚಲು, ಕಲಿಸುವಾಗ ಬಳಸದ ಹಣ್ಣುಗಳನ್ನು ಬೇರೆಯೇ ಎತ್ತಿಟ್ಟು ಅವುಗಳ ಮೇಲೆ ಪರೀಕ್ಷಿಸಬೇಕು. ಒಟ್ಟು ಎಷ್ಟು ಸರಿ ಎಂದು ಎಣಿಸಿ ಸುಮ್ಮನಾದರೆ ಸಾಲದು. ಎತ್ತಿಟ್ಟ ಇಪ್ಪತ್ತರಲ್ಲಿ ಕೊಡಗಿನವು ಎರಡೇ ಇದ್ದು, ಅವೆರಡೂ ತಪ್ಪಾದರೂ ಅಂಕ ನೂರಕ್ಕೆ ತೊಂಬತ್ತು ಬರುತ್ತದೆ. ನಾಗಪುರದ್ದು, ಕೊಡಗಿನದ್ದು, ಮೂಸಂಬಿ ಎಂದು ಮೂರು ಸಾಲು ಹಾಕಿ ಸರಿ ಉತ್ತರಗಳನ್ನು ಬೇರೆ ಬೇರೆ ಎಣಿಸಿದರೆ ಕೊಡಗಿನ ಸಾಲಿನ ಸೊನ್ನೆ ಕೂಡಲೇ ಕಣ್ಣಿಗೆ ಬೀಳುತ್ತದೆ.

ಯಾರಾದರೂ ಹುಡುಗ ನಿಂಬೆಹಣ್ಣು ತಂದುಕೊಟ್ಟರೆ ಬೇಡವೆನ್ನಬೇಡಿ. ಬಣ್ಣ 5, ಸಿಪ್ಪೆ 1 ಎಂದರೆ ನಮ್ಮ ಯಂತ್ರ ಅದನ್ನೂ ಮೂಸಂಬಿ ಎನ್ನುತ್ತದೆ. 'ಗೊತ್ತಿಲ್ಲ' ಎಂಬ ಬುಟ್ಟಿಯನ್ನು ನಾವು ಅದಕ್ಕೆ ಕೊಟ್ಟಿಲ್ಲವಲ್ಲ.