ವ್ಯಕ್ತಿತ್ವ ಹಕ್ಕು: ಪ್ರಾಂಪ್ಟಿನಿಂದ ಹೆಸರು ತೆಗೆದರೂ ವಿಡಿಯೊದಲ್ಲಿ ಉಳಿಯುವ ಮುಖ

ಖ್ಯಾತ ವ್ಯಕ್ತಿಯೊಬ್ಬರ ಹೆಸರು, ಮುಖ, ದನಿ ಮತ್ತು ಅವರಿಗೇ ವಿಶಿಷ್ಟವಾದ ಹಾವಭಾವಗಳನ್ನು ಅವರ ಒಪ್ಪಿಗೆಯಿಲ್ಲದೆ ಬೇರೊಬ್ಬರು ವ್ಯಾಪಾರಕ್ಕೆ ಬಳಸಿಕೊಳ್ಳದಂತೆ ತಡೆಯುವ ಅಧಿಕಾರವನ್ನು ವ್ಯಕ್ತಿತ್ವ ಹಕ್ಕು ಎಂದು ಕರೆಯುತ್ತಾರೆ. ಭಾರತದಲ್ಲಿ ಇದಕ್ಕೆಂದೇ ರೂಪಿಸಿದ ಪ್ರತ್ಯೇಕ ಕಾಯ್ದೆ ಇಲ್ಲ. ಉಚ್ಚ ನ್ಯಾಯಾಲಯಗಳು ಒಂದೊಂದು ಪ್ರಕರಣದಲ್ಲಿ ಕೊಟ್ಟ ಆದೇಶಗಳಿಂದ ಇದು ಬೆಳೆದಿದೆ. ಇದರ ನೆರೆಯಲ್ಲೇ ಇರುವ ಟ್ರೇಡ್‌ಮಾರ್ಕ್ ಹಕ್ಕಿಗೆ 1999ರ ಕಾಯ್ದೆಯ ಆಧಾರವಿದೆ. ಮಂಗಳೂರು, ಉಡುಪಿಯ ಅಂಗಡಿ, ಹೋಟೆಲುಗಳಿಗೆ ಜಾಹೀರಾತು ಮಾಡಿಕೊಡುವವರಲ್ಲಿ ಹಲವರು ಈಗ ಕ್ಯಾಮೆರಾ ಹಿಡಿಯದೆ, ಬೇಕಾದ ದೃಶ್ಯವನ್ನು ಮಾತಿನಲ್ಲಿ ವರ್ಣಿಸುವ ಪ್ರಾಂಪ್ಟನ್ನು ಎಐ ಉಪಕರಣಕ್ಕೆ ಬರೆದುಕೊಟ್ಟು ವಿಡಿಯೊ ತಯಾರಿಸುತ್ತಿರುವುದರಿಂದ ಈ ಎರಡು ಹಕ್ಕುಗಳ ನಡುವಿನ ವ್ಯತ್ಯಾಸ ಅವರಿಗೆ ನೇರವಾಗಿ ತಟ್ಟುವ ವಿಷಯವಾಗಿದೆ.

ಟ್ರೇಡ್‌ಮಾರ್ಕ್ ವಿಚಾರದಲ್ಲಿ ನ್ಯಾಯಾಲಯ ಸಾಮಾನ್ಯವಾಗಿ ಕೇಳುವುದು ಗಿರಾಕಿಗೆ ಗೊಂದಲವಾಗುತ್ತದೆಯೇ ಎಂಬುದನ್ನು. ಅಮೃತಧಾರಾ ಮತ್ತು ಲಕ್ಷ್ಮಣಧಾರಾ ಎಂಬ ಎರಡು ಔಷಧಗಳ ಹೆಸರಿನ ಬಗ್ಗೆ 1962ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಬಾರದು, ಸಾಧಾರಣ ತಿಳಿವಳಿಕೆಯ, ಅರೆಬರೆ ನೆನಪಿನ ಗಿರಾಕಿಯ ಕಣ್ಣಿನಿಂದ ಒಟ್ಟಾರೆಯಾಗಿ ನೋಡಬೇಕು ಎಂದಿತು. ವ್ಯಕ್ತಿತ್ವ ಹಕ್ಕಿನಲ್ಲಿ ಅಷ್ಟರ ಅಗತ್ಯವೂ ಇಲ್ಲ. ಆಭರಣದ ಜಾಹೀರಾತೊಂದರಲ್ಲಿ ಅಮಿತಾಭ್ ಮತ್ತು ಜಯಾ ಬಚ್ಚನ್ ಅವರ ಚಿತ್ರವನ್ನು ಒಪ್ಪಿಗೆಯಿಲ್ಲದೆ ಬಳಸಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2012ರಲ್ಲಿ ಹೇಳಿದಂತೆ, ಆ ವ್ಯಕ್ತಿಯ ಗುರುತು ಸಿಗುವಂತಿದ್ದರೆ ಸಾಕು, ಯಾರಿಗಾದರೂ ಮೋಸವಾಯಿತೆಂದು ಬೇರೆಯಾಗಿ ಸಾಬೀತುಪಡಿಸಬೇಕಿಲ್ಲ. ಆದ್ದರಿಂದಲೇ ವಿಡಿಯೊದ ಮೂಲೆಯಲ್ಲಿ ‘ಇದು ಎಐ ನಿರ್ಮಿತ’ ಎಂದು ಬರೆದ ಮಾತ್ರಕ್ಕೆ ತೊಂದರೆ ತಪ್ಪುವುದಿಲ್ಲ. ಆ ಬರಹ ನೋಡುಗರ ಗೊಂದಲವನ್ನು ಕಳೆಯಬಹುದು, ಆದರೆ ಮುಖದ ಗುರುತು ಹಾಗೆಯೇ ಇರುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ವಿವರವಾಗಿ ನೋಡೋಣ. ಮಲ್ಪೆ ಕಡಲತೀರದ ಹತ್ತಿರ ಜ್ಯೂಸ್ ಅಂಗಡಿ ನಡೆಸುವವರೊಬ್ಬರು ಬೇಸಗೆಯ ವ್ಯಾಪಾರಕ್ಕಾಗಿ ಪುನರ್ಪುಳಿ ಶರಬತ್ತಿನ ಎಂಟು ಸೆಕೆಂಡಿನ ವಿಡಿಯೊ ಬೇಕೆನ್ನುತ್ತಾರೆ. ದೇಶವೆಲ್ಲ ಬಲ್ಲ ಕ್ರಿಕೆಟಿಗರೊಬ್ಬರು ಬೆವರೊರೆಸಿಕೊಳ್ಳುತ್ತ ಬಂದು ಶರಬತ್ತು ಕುಡಿಯಬೇಕು, ಡಬ್ಬಿ ಆ ಜಗತ್ಪ್ರಸಿದ್ಧ ಕೋಲಾದ ಹಾಗೆ ಕೆಂಪಾಗಿ ಮಿಂಚಬೇಕು ಎಂಬುದು ಅವರ ಬಯಕೆ. ಮಾಡಿಕೊಡುವವರು ಮೊದಲ ಪ್ರಾಂಪ್ಟಿನಲ್ಲಿ ಕ್ರಿಕೆಟಿಗರ ಹೆಸರನ್ನೇ ಬರೆಯುತ್ತಾರೆ. ಕೆಲವು ಉಪಕರಣಗಳು ಖ್ಯಾತರ ಹೆಸರು ಕಂಡರೆ ವಿಡಿಯೊ ಕೊಡಲು ನಿರಾಕರಿಸುತ್ತವೆ. ನಿಜವಾದ ತಪ್ಪು ನಡೆಯುವುದು ಇದರ ನಂತರ. ಹೆಸರನ್ನು ಅಳಿಸಿ, ಆ ಆಟಗಾರನ ಗಡ್ಡದ ಕತ್ತರಿಕೆ, ತೋಳಿನ ಹಚ್ಚೆ, ನೀಲಿ ಜೆರ್ಸಿ, ಅದರ ಮೇಲಿನ ಸಂಖ್ಯೆ ಇವನ್ನೆಲ್ಲ ಒಂದೊಂದಾಗಿ ವರ್ಣಿಸಿ ಬರೆದರೆ ಉಪಕರಣ ವಿಡಿಯೊ ಕೊಟ್ಟೀತು. ಆದರೆ ಅಲ್ಲಿ ಬರುವುದು ಅದೇ ಮುಖದ ನೆರಳು. ಹೆಸರನ್ನು ತಪ್ಪಿಸಿಕೊಂಡು ಅದೇ ವ್ಯಕ್ತಿಯನ್ನು ತರಲು ಪ್ರಯತ್ನಿಸಿದ್ದೆಂಬುದಕ್ಕೆ ಖಾತೆಯಲ್ಲಿ ಉಳಿದ ಎರಡು ಪ್ರಾಂಪ್ಟುಗಳೇ ಸಾಕ್ಷಿಯಾಗುತ್ತವೆ.

ಹೋಲುವ ಮುಖವೂ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎಂಬುದು ಎಐಗಿಂತ ಹಳೆಯ ಮಾತು. ಅಮೆರಿಕದಲ್ಲಿ ಕ್ರಿಶ್ಚಿಯನ್ ಡಿಯೊರ್ ಸಂಸ್ಥೆಯ ಜಾಹೀರಾತಿನಲ್ಲಿ ಜಾಕ್ವೆಲಿನ್ ಕೆನಡಿ ಒನಾಸಿಸ್ ಅವರನ್ನು ಹೋಲುವ ರೂಪದರ್ಶಿಯೊಬ್ಬರನ್ನು ನಿಲ್ಲಿಸಿ ಫೋಟೊ ತೆಗೆದಿದ್ದರು. ಆ ರೂಪದರ್ಶಿ ತೋರಿಸಿದ್ದು ತನ್ನದೇ ಮುಖವನ್ನು. ಆದರೂ 1984ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಆ ಜಾಹೀರಾತಿಗೆ ತಡೆ ಕೊಟ್ಟಿತು. ನಮ್ಮಲ್ಲಿ 2010ರಲ್ಲಿ ದೆಹಲಿ ಹೈಕೋರ್ಟ್, ಗಾಯಕ ದಲೇರ್ ಮೆಹಂದಿ ಅವರನ್ನು ಹೋಲುವ, ಅವರ ಹಾಡಿನ ಸಾಲುಗಳನ್ನು ಹಾಡುವ ಬೊಂಬೆಗಳ ಮಾರಾಟವನ್ನು ತಡೆಯಿತು. 2023ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯ ಅನಿಲ್ ಕಪೂರ್ ಅವರ ಹೆಸರು, ಮುಖ, ದನಿಗಳನ್ನು ಎಐ ಮೂಲಕ ವ್ಯಾಪಾರಕ್ಕೆ ಬಳಸುವುದನ್ನು ತಡೆದ ಆದೇಶದಲ್ಲಿ ಅವರ ‘ಝಕಾಸ್’ ಎಂಬ ಉದ್ಗಾರವನ್ನೂ ಸೇರಿಸಿತು. 2024ರಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಅವರ ದನಿಯನ್ನು ನಕಲು ಮಾಡುವ ಎಐ ಉಪಕರಣಗಳ ವಿರುದ್ಧ ಆದೇಶ ಕೊಟ್ಟಿತು. ಈಗಿನ ಉಪಕರಣಗಳು ವಿಡಿಯೊದ ಜೊತೆ ಮಾತನ್ನೂ ಸೃಷ್ಟಿಸುವುದರಿಂದ, ಮುಖ ಬೇರೆಯಾಗಿದ್ದು ದನಿ ಮಾತ್ರ ಯಾರದ್ದೋ ಆಗಿದ್ದರೂ ಹೊಣೆ ತಪ್ಪುವುದಿಲ್ಲ.

ಇನ್ನು ಡಬ್ಬಿಯ ವಿಷಯ. ‘ಬಿಳಿ ಅಲೆಯ ಗೆರೆಯಿರುವ ಕೆಂಪು ಪಾನೀಯದ ಡಬ್ಬಿ’ ಎಂದು ಬರೆದಾಗ ಬ್ರ್ಯಾಂಡಿನ ಹೆಸರು ಎಲ್ಲಿಯೂ ಇರುವುದಿಲ್ಲ. ಆದರೆ ಉಪಕರಣದೊಳಗೆ ವಿಡಿಯೊ ಸೃಷ್ಟಿಸುವ ಎಐ ಮಾದರಿ ಕಲಿತ ಲೆಕ್ಕವಿಲ್ಲದಷ್ಟು ದೃಶ್ಯಗಳಲ್ಲಿ ಆ ಬಣ್ಣ, ಆ ಗೆರೆ, ಆ ಆಕಾರ ಒಟ್ಟಿಗೆ ಬರುವುದು ಒಂದೇ ಕಂಪನಿಯ ಡಬ್ಬಿಯಲ್ಲಿ. ಹಾಗಾಗಿ ಅದರ ಹತ್ತಿರದ ರೂಪವನ್ನೇ ಮಾದರಿ ಕೊಡುತ್ತದೆ. ಅಕ್ಷರಗಳು ಅಸ್ತವ್ಯಸ್ತವಾಗಿ, ಓದಲು ಬಾರದಂತೆ ಮೂಡಬಹುದು. ಅದನ್ನು ಕಂಡು ‘ಹೆಸರೇ ಬೇರೆಯಾಯಿತಲ್ಲ’ ಎಂದು ನೆಮ್ಮದಿಪಡುವವರಿದ್ದಾರೆ. ಅದು ಸರಿಯಲ್ಲ. 1999ರ ಕಾಯ್ದೆಯಲ್ಲಿ ಟ್ರೇಡ್‌ಮಾರ್ಕ್ ಎಂದರೆ ಹೆಸರಷ್ಟೇ ಅಲ್ಲ. ಸರಕಿನ ಆಕಾರ, ಪೊಟ್ಟಣ, ಬಣ್ಣಗಳ ಜೋಡಣೆ ಕೂಡ ಅದರಲ್ಲಿ ಸೇರುತ್ತವೆ. ಅರೆಬರೆ ನೆನಪಿನ ಗಿರಾಕಿಗೆ ದೂರದಿಂದ ಆ ಕೆಂಪು, ಬಿಳಿ ಕಂಡರೆ ಸಾಕು.

ಪ್ರಾಂಪ್ಟಿನ ಕೊನೆಗೆ ‘ಇಂಥ ಕಂಪನಿಯ ಲೋಗೊ ಬೇಡ’ ಎಂದು ಬರೆದರೆ ಅದು ಹಲವು ಬಾರಿ ತಿರುಗುಬಾಣವಾಗುತ್ತದೆ, ಏಕೆಂದರೆ ‘ಬೇಡ’ ಎಂಬ ಮಾತಿಗಿಂತ ಆ ಹೆಸರೇ ಮಾದರಿಯ ಮೇಲೆ ಹೆಚ್ಚು ಪ್ರಭಾವ ಬೀರಬಹುದು. ಏನು ಬೇಡವೆಂದು ತಿಳಿಸುವ ನೆಗೆಟಿವ್ ಪ್ರಾಂಪ್ಟಿಗೆ ಪ್ರತ್ಯೇಕ ಜಾಗವಿರುವ ಉಪಕರಣವಾದರೆ ಅಲ್ಲಿ ಯಾವ ಕಂಪನಿಯ ಹೆಸರನ್ನೂ ಎತ್ತದೆ ‘ಲೋಗೊ, ಬರಹ, ಲೇಬಲ್’ ಎಂದಷ್ಟೇ ಬರೆಯುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆಯೂ ಇಲ್ಲಿ ಅಗತ್ಯ. ಕೆಲವು ಉಪಕರಣಗಳು ನಾವು ಬರೆದ ಚಿಕ್ಕ ಪ್ರಾಂಪ್ಟನ್ನು ತಾವೇ ಹಿಗ್ಗಿಸಿಕೊಳ್ಳುತ್ತವೆ. ಆ ವಿಸ್ತರಿಸಿದ ಬರಹ ಕಾಣಿಸುವಂತಿದ್ದರೆ ಓದಲೇಬೇಕು. ಆ ಸೌಲಭ್ಯವನ್ನು ನಿಲ್ಲಿಸಲು ಬರುವುದಾದರೆ ಇಂಥ ಕೆಲಸಕ್ಕೆ ನಿಲ್ಲಿಸುವುದೇ ಲೇಸು.

ಹಾಗಾದರೆ ಪ್ರಾಂಪ್ಟನ್ನು ಹೇಗೆ ಬರೆಯಬೇಕು? ಪ್ರಸಿದ್ಧ ಹೆಸರಿನಿಂದ ಅಂಗಡಿಯವರಿಗೆ ನಿಜವಾಗಿ ಏನು ಬೇಕಾಗಿದೆ ಎಂದು ಮೊದಲು ಅವರನ್ನೇ ಕೇಳಬೇಕು. ನಮ್ಮ ಉದಾಹರಣೆಯಲ್ಲಿ ಕ್ರಿಕೆಟಿಗನಿಂದ ಬೇಕಾಗಿದ್ದು ಆಟವಾಡಿ ದಣಿದ ದೇಹ, ಬಾಯಾರಿಕೆ; ಕೋಲಾ ಡಬ್ಬಿಯಿಂದ ಬೇಕಾಗಿದ್ದು ತಂಪು, ಕೆಂಪು, ಹೊಳಪು. ಪುನರ್ಪುಳಿಗೆ ತನ್ನದೇ ಕಡುಗೆಂಪು ಇರುವಾಗ ಇನ್ನೊಬ್ಬರ ಡಬ್ಬಿಯನ್ನು ಎರವಲು ತರುವ ಅಗತ್ಯವೇ ಇಲ್ಲ. ಆಗ ಪ್ರಾಂಪ್ಟ್ ಹೀಗಾಗುತ್ತದೆ: ‘ಮಲ್ಪೆಯಂಥ ಕಡಲತೀರ, ಸಂಜೆಯ ಬಿಸಿಲು. ಐವತ್ತು ದಾಟಿದ, ನರೆತ ಕೂದಲಿನ ಮೀನುಗಾರ, ಮಾಸಿದ ಹಳದಿ ಬನಿಯನ್, ಹೆಗಲಲ್ಲಿ ಬೈರಾಸು. ಮರಳಿನಲ್ಲಿ ವಾಲಿಬಾಲ್ ಆಡಿ ಬಂದು ಮರದ ಬೆಂಚಿನಲ್ಲಿ ಕೂರುತ್ತಾನೆ. ಲೇಬಲ್ ಇಲ್ಲದ ಗಾಜಿನ ಲೋಟದಲ್ಲಿ ಕಡುಗೆಂಪು ಶರಬತ್ತು, ಹೊರಗೆ ನೀರಹನಿ. ಕ್ಯಾಮೆರಾ ಲೋಟದ ಹತ್ತಿರಕ್ಕೆ ನಿಧಾನವಾಗಿ ಸಾಗುತ್ತದೆ.’ ಇಲ್ಲಿ ವಯಸ್ಸು, ಉಡುಗೆ, ಕಸುಬು ಎಲ್ಲವೂ ಆ ಕ್ರಿಕೆಟಿಗನಿಂದ ದೂರ ಸರಿಯುತ್ತವೆ ಎಂಬುದನ್ನು ಗಮನಿಸಬೇಕು. ‘ಸುಂದರ ಯುವಕ, ನಟನಂಥ ಚೆಲುವು’ ಎಂಬಂಥ ಸಡಿಲ ಮಾತುಗಳು ಮಾದರಿಯನ್ನು ಮತ್ತೆ ಪರಿಚಿತ ಮುಖಗಳತ್ತ ಎಳೆಯಬಹುದು. ಅಂಗಡಿಯ ಹೆಸರನ್ನು ಪ್ರಾಂಪ್ಟಿನಲ್ಲಿ ಹಾಕದೆ, ಎಡಿಟಿಂಗಿನಲ್ಲಿ ಅಂಗಡಿಯ ನಿಜವಾದ ಲೋಗೊವನ್ನೇ ಕೂರಿಸಿದರೆ ಅಕ್ಷರದೋಷದ ತಲೆನೋವೂ ಇರುವುದಿಲ್ಲ.

ಪ್ರಾಂಪ್ಟ್ ಎಷ್ಟೇ ಶುದ್ಧವಾಗಿದ್ದರೂ ಹೊಣೆ ನಿಲ್ಲುವುದು ಹೊರಬಂದ ವಿಡಿಯೊದ ಮೇಲೆ. ಒಂದೇ ಪ್ರಾಂಪ್ಟ್ ಪ್ರತಿ ಸಲ ಬೇರೆ ಮುಖ ಕೊಡಬಹುದಾದ್ದರಿಂದ ನಿನ್ನೆಯ ಪರೀಕ್ಷೆ ಇಂದಿನ ವಿಡಿಯೊಕ್ಕೆ ಸಲ್ಲುವುದಿಲ್ಲ. ಸೆಕೆಂಡಿಗೆ 24 ಫ್ರೇಮುಗಳಾದರೆ ಎಂಟು ಸೆಕೆಂಡಿನಲ್ಲಿ 192 ಫ್ರೇಮುಗಳಿರುತ್ತವೆ. ಓಡುವ ವಿಡಿಯೊದಲ್ಲಿ ಹಿನ್ನೆಲೆಯ ಬೂಟಿನ ಮೂರು ಪಟ್ಟೆಯಾಗಲಿ, ಕಾರಿನ ಮುಂಭಾಗದ ಲಾಂಛನವಾಗಲಿ ಕಣ್ಣಿಗೆ ಬೀಳದೆ ಹೋಗಬಹುದು. ffmpeg ಎಂಬ ತಂತ್ರಾಂಶಕ್ಕೆ ಕೆಳಗಿನ ಆಜ್ಞೆ ಕೊಟ್ಟು ಸೆಕೆಂಡಿಗೆ ಎರಡರಂತೆ ಸ್ಥಿರಚಿತ್ರ ತೆಗೆದರೆ ಹದಿನಾರು ಚಿತ್ರಗಳಾಗುತ್ತವೆ:

```
ffmpeg -i sharbat.mp4 -vf fps=2 frame_%03d.png
```

ಅವುಗಳಲ್ಲಿ ಮುಖವನ್ನೂ ಲೋಟವನ್ನೂ ಬೇರೆಬೇರೆಯಾಗಿ ಕತ್ತರಿಸಿ ಗೂಗಲ್ ಲೆನ್ಸಿನಲ್ಲಿ ಹುಡುಕಬೇಕು. ಒಬ್ಬನೇ ವ್ಯಕ್ತಿ ಅಥವಾ ಒಂದೇ ಬ್ರ್ಯಾಂಡ್ ಮತ್ತೆ ಮತ್ತೆ ಎದುರಾದರೆ ಆ ವಿಡಿಯೊವನ್ನು ಬಿಟ್ಟುಬಿಡುವುದೇ ಕ್ಷೇಮ. ಆದರೆ ಈ ಹುಡುಕಾಟಕ್ಕೆ ಒಂದು ಮಿತಿಯಿದೆ. ದೇಶದ ತಾರೆಯರನ್ನು ಅದು ಸುಲಭವಾಗಿ ಹಿಡಿದೀತು. ಕರಾವಳಿಯ ಜನ ದನಿ ಕೇಳಿಯೇ ಗುರುತಿಸುವ ತುಳು ನಾಟಕದ ಹಾಸ್ಯನಟರನ್ನೋ, ಮೇಳದ ಯಕ್ಷಗಾನ ಕಲಾವಿದರನ್ನೋ ಹಿಡಿಯಲಾರದು. ಕರಾವಳಿಯಲ್ಲಿ ಓಡುವ ಜಾಹೀರಾತಿನ ಮಟ್ಟಿಗೆ ಗುರುತು ಹಿಡಿಯುವವರು ಕರಾವಳಿಯವರೇ. ಆದ್ದರಿಂದ ಪ್ರಾಂಪ್ಟ್ ಏನೆಂದು ತಿಳಿಯದ, ವಯಸ್ಸಿನಲ್ಲಿ ಅಂತರವಿರುವ ಮೂರ್ನಾಲ್ಕು ಮಂದಿಗೆ ವಿಡಿಯೊವನ್ನು ಒಮ್ಮೆ ದನಿಯಿಲ್ಲದೆ ತೋರಿಸಿ, ಒಮ್ಮೆ ದನಿ ಮಾತ್ರ ಕೇಳಿಸಿ, ‘ಇದು ಯಾರು? ಯಾರ ಜಾಹೀರಾತು?’ ಎಂದು ಕೇಳುವುದು ನಾನು ಬಲ್ಲ ಅತ್ಯಂತ ನಂಬಲರ್ಹ ಪರೀಕ್ಷೆ. ‘ಯಾರ ಹಾಗಾದರೂ ಕಾಣುತ್ತದೆಯೇ?’ ಎಂದು ಕೇಳಬಾರದು. ಹಾಗೆ ಕೇಳಿದರೆ ಯಾರಾದರೂ ಯಾವುದೋ ಒಂದು ಹೆಸರು ಹೇಳಿಬಿಡುತ್ತಾರೆ. ಅಂಥ ಸುಳಿವಿಲ್ಲದೆಯೇ ಇಬ್ಬರು ಒಂದೇ ಹೆಸರು ಹೇಳಿದರೆ ಆ ಮುಖಕ್ಕೆ ಗುರುತು ಹತ್ತಿದೆಯೆಂದೇ ತಿಳಿಯಬೇಕು.

ಎಲ್ಲ ಉಲ್ಲೇಖವೂ ತಪ್ಪಲ್ಲ. ಸುದ್ದಿ, ವಿಮರ್ಶೆ, ವಿಡಂಬನೆಗಳಿಗೆ ನ್ಯಾಯಾಲಯಗಳು ಜಾಗ ಉಳಿಸಿವೆ. ತಾವು ರಿಪೇರಿ ಮಾಡುವ ಬೈಕಿನ ಕಂಪನಿಯ ಹೆಸರನ್ನು ಮೆಕ್ಯಾನಿಕ್ ಪ್ರಾಮಾಣಿಕವಾಗಿ ಹೇಳಿಕೊಳ್ಳುವುದಕ್ಕೂ 1999ರ ಕಾಯ್ದೆಯಲ್ಲಿ ಅವಕಾಶವಿದೆ. ಸರಕು ಮಾರುವ ವಿಡಿಯೊ ಈ ಆಶ್ರಯವನ್ನು ನಂಬಿಕೊಳ್ಳುವುದು ಕಷ್ಟ. ಮುಖ ಬೇಕೇ ಬೇಕೆಂದಾದರೆ ಊರಿನ ನಟರೊಬ್ಬರಿಂದಲೋ ಅಂಗಡಿಯ ಯಜಮಾನರಿಂದಲೋ ಲಿಖಿತ ಒಪ್ಪಿಗೆ ಪಡೆದು ಅವರ ಫೋಟೊವನ್ನೇ ಆಧಾರವಾಗಿ ಕೊಡಬಹುದು. ಆ ಪತ್ರದಲ್ಲಿ ‘ಫೋಟೊ ಬಳಸಬಹುದು’ ಎಂದಷ್ಟೇ ಇದ್ದರೆ ಸಾಲದು. ಮುಖ ಮತ್ತು ದನಿಯಿಂದ ಎಐ ಮೂಲಕ ಹೊಸ ದೃಶ್ಯಗಳನ್ನು ಸೃಷ್ಟಿಸಬಹುದೇ, ಯಾವ ಸರಕಿಗೆ, ಎಲ್ಲೆಲ್ಲಿ, ಎಷ್ಟು ಕಾಲ ಎಂಬುದು ಸ್ಪಷ್ಟವಾಗಿರಬೇಕು.

ಇಂಥ ಪ್ರಕರಣಗಳಲ್ಲಿ ನ್ಯಾಯಾಲಯಗಳು ಹೆಸರು ತಿಳಿಯದ ಪ್ರತಿವಾದಿಗಳ ವಿರುದ್ಧವೂ ಆದೇಶ ಕೊಡುತ್ತವೆ. ಅದನ್ನು ಜಾನ್ ಡೋ ಅಥವಾ ಅಶೋಕ್ ಕುಮಾರ್ ಆದೇಶ ಎನ್ನುತ್ತಾರೆ. ಹಾಗಾಗಿ ಚಿಕ್ಕ ಅಂಗಡಿಯ ವಿಡಿಯೊವೂ ಯಾವ ಪೂರ್ವಸೂಚನೆಯಿಲ್ಲದೆ ಜಾಲತಾಣದಿಂದ ಮಾಯವಾಗಬಹುದು. ದೂರು ಬಂದಾಗ ವಿಡಿಯೊವನ್ನು ಇನ್‌ಸ್ಟಾಗ್ರಾಂನಿಂದ ಮಾತ್ರವಲ್ಲ, ವಾಟ್ಸ್ಆ್ಯಪ್ ಸ್ಟೇಟಸ್, ಅಂಗಡಿಯ ಟಿವಿ ಪರದೆ, ಫ್ಲೆಕ್ಸಿಗೆ ತೆಗೆದ ಸ್ಥಿರಚಿತ್ರ ಹೀಗೆ ಎಲ್ಲ ಕಡೆಯಿಂದಲೂ ಇಳಿಸಬೇಕು. ಬಳಸಿದ ಪ್ರಾಂಪ್ಟ್, ಆಧಾರ ಚಿತ್ರ, ದಿನಾಂಕ, ಒಪ್ಪಿಗೆ ಪತ್ರಗಳನ್ನು ಮಾತ್ರ ಅಳಿಸದೆ ವಕೀಲರ ಕೈಗೆ ಕೊಡಬೇಕು.