ಶವರ್‌ಗೆ ಪಂಪು ಹಾಕುವ ಮುನ್ನ ಒಂದು ಬಕೆಟ್ ಹಿಡಿಯಿರಿ

"ಸಾರ್, ಮೇಲಿನ ಬಾತ್‌ರೂಮಲ್ಲಿ ಶವರ್ ಬರೀ ತೊಟ್ಟಿಕ್ಕುತ್ತೆ, ಒಂದು ಪಂಪು ಹಾಕಿಬಿಡಿ" ಎಂದು ಕರೆದವರ ಮನೆಗೆ ಹೋದರೆ ನಾನು ಮೊದಲು ಕೇಳುವುದು ಹತ್ತು ಲೀಟರಿನ ಬಕೆಟ್. ಶವರ್ ತಲೆಯನ್ನು ಬಿಚ್ಚಿ, ಬರೀ ಪೈಪಿನಿಂದ ಆ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡುತ್ತೇನೆ. ಪಂಪು ಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ಅಲ್ಲೇ ಗೊತ್ತಾಗುತ್ತದೆ.

ಒಂದು ಮನೆಯ ಲೆಕ್ಕ ಹೇಳುತ್ತೇನೆ. ತಾರಸಿಯ ಮೇಲೆ ಒಂದು ಮೀಟರ್ ಕಟ್ಟೆ, ಅದರ ಮೇಲೆ ಟ್ಯಾಂಕು. ಟ್ಯಾಂಕಿನ ತಳಕ್ಕೂ ಶವರಿಗೂ ನಡುವೆ ಸುಮಾರು ಎರಡು ಮೀಟರ್ ಎತ್ತರ. ಹತ್ತು ಮೀಟರ್ ಎತ್ತರದ ನೀರು ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಕೊಡುತ್ತದೆ, ಅಂದರೆ ಇಲ್ಲಿ ಸಿಗುವುದು 0.2 ಬಾರ್ ಮಾತ್ರ. ತಲೆ ಬಿಚ್ಚಿದಾಗ ಬಕೆಟ್ 50 ಸೆಕೆಂಡಿನಲ್ಲಿ ತುಂಬಿತು. ತಲೆ ಹಾಕಿದ ಮೇಲೆ ಎರಡೂವರೆ ನಿಮಿಷ ಬೇಕಾಯಿತು. ಪೈಪಿನಲ್ಲಿ ನೀರಿದೆ, ಆದರೆ ಸಣ್ಣ ತೂತುಗಳಿಂದ ಅದನ್ನು ಹೊರಗೆ ತಳ್ಳುವ ಬಲವಿಲ್ಲ. ಪಂಪು ನೀಗಿಸುವುದು ಈ ಕೊರತೆಯನ್ನೇ. ಗರಿಷ್ಠ ಹತ್ತು ಮೀಟರ್ ಎತ್ತುವ ಚಿಕ್ಕ ಪಂಪು ಹಾಕಿದೆವು. ತಲೆ ಸಮೇತ ಬಕೆಟ್ 70 ಸೆಕೆಂಡಿನ ಆಸುಪಾಸಿನಲ್ಲಿ ತುಂಬತೊಡಗಿತು.

ಇನ್ನೊಂದು ಮನೆಯಲ್ಲಿ ತಲೆ ಬಿಚ್ಚಿದರೂ ಬಕೆಟ್ ತುಂಬಲು ಎರಡು ನಿಮಿಷ ದಾಟಿತು. ಟ್ಯಾಂಕಿನ ಬುಡದ ಗೇಟ್ ವಾಲ್ವ್ ಬಿಚ್ಚಿ ನೋಡಿದರೆ ಒಳಗಿನ ತಟ್ಟೆ ಕಳಚಿ, ಅರ್ಧ ದಾರಿ ಮುಚ್ಚಿ ಕೂತಿತ್ತು. ಹಿಡಿ ತಿರುಗುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ವಾಲ್ವ್ ಬದಲಿಸಿದ ಮೇಲೆ ಪಂಪಿನ ಮಾತೇ ಏಳಲಿಲ್ಲ. ಉಪ್ಪು ಕಟ್ಟಿದ ಪೈಪು, ಕಸ ತುಂಬಿದ ಜಾಲರಿ, ಪೈಪಿನ ಉಬ್ಬಿನಲ್ಲಿ ಸಿಕ್ಕಿಬಿದ್ದ ಗಾಳಿ, ಇವೂ ಹೀಗೆಯೇ ಮೋಸ ಮಾಡುತ್ತವೆ. ಇಂಥ ಕಡೆ ಪಂಪು ಹಾಕಿದರೆ ಅದು ಬರೀ ಗುಂಯ್‌ಗುಡುತ್ತದೆ.

ಇನ್ನು ಜಾಗ. ಪಂಪು ನೀರನ್ನು ಚೆನ್ನಾಗಿ ತಳ್ಳುತ್ತದೆ, ಎಳೆಯುವುದರಲ್ಲಿ ಅಷ್ಟಕ್ಕಷ್ಟೆ. ಆದ್ದರಿಂದ ಬಾತ್‌ರೂಮಿನ ಅಟ್ಟಕ್ಕಿಂತ ಟ್ಯಾಂಕಿನ ಪಕ್ಕವೇ ವಾಸಿ, ಅದೂ ಟ್ಯಾಂಕಿನ ತಳಕ್ಕಿಂತ ಕೆಳಗೆ, ನೀರು ತಾನಾಗಿ ಇಳಿದು ಪಂಪು ಸದಾ ತುಂಬಿರುವಂತೆ. ದೂರ ಇಟ್ಟು ನಾಲ್ಕು ನಲ್ಲಿ ಒಟ್ಟಿಗೆ ತೆರೆದರೆ ಪಂಪಿನ ಹಿಂದಿನ ಪೈಪಿನಲ್ಲಿ ಒತ್ತಡ ಕುಸಿಯುತ್ತದೆ, ಸಡಿಲವಿರುವ ಜಾಯಿಂಟಿನಿಂದ ಗಾಳಿ ಒಳಗೆ ನುಗ್ಗುತ್ತದೆ, ಶವರ್ ಬುಸುಗುಟ್ಟುತ್ತದೆ. ಮಳೆ ಬಿಸಿಲಿಗೆ ಮೇಲೊಂದು ಮುಚ್ಚಿಗೆ ಇರಲಿ, ಕರೆಂಟಿಗೆ ಅರ್ಥಿಂಗ್ ತಪ್ಪಬಾರದು.

ತಣ್ಣೀರಿನ ಲೈನು ಗೀಸರಿಗೆ ಕವಲೊಡೆಯುವ ಮೊದಲೇ ಪಂಪು ಕೂರಬೇಕು. ಕವಲಿನ ಆಚೆ ಬರೀ ತಣ್ಣೀರಿನ ಕೊಂಬೆಗೆ ಹಾಕಿದರೆ ಮಿಕ್ಸರಿನಲ್ಲಿ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ದಬ್ಬುತ್ತದೆ. ಜೋರಾಗಿ ನೀರು ಬರುತ್ತದೆ, ಆದರೆ ಮೈ ನಡುಗುತ್ತದೆ. ಒತ್ತಡ ತಡೆಯುವ ಮುಚ್ಚಿದ ಗೀಸರಿಗೆ ಈ ಚಿಕ್ಕ ಪಂಪಿನ ಒಂದು ಬಾರ್ ಏನೇನೂ ಅಲ್ಲ. ಗಾಳಿ ಕೊಳವೆ ತೆರೆದಿರುವ ಸೋಲಾರ್ ಹೀಟರಿನ ಕತೆಯೇ ಬೇರೆ. ಅದರ ತಣ್ಣೀರಿನ ಬಾಯಿಗೆ ಪಂಪು ಕೊಟ್ಟರೆ ನೀರು ಆ ಕೊಳವೆಯಿಂದ ತಾರಸಿಗೆ ಸುರಿಯುತ್ತದೆ, ಟ್ಯಾಂಕಿಗೂ ಪೆಟ್ಟು. ಅಂಥ ಕಡೆ ಸೋಲಾರಿಗೆ ಹೋಗುವ ಲೈನನ್ನು ಪಂಪಿಗಿಂತ ಮೊದಲೇ ಬೇರ್ಪಡಿಸಿ, ಬಿಸಿನೀರು ಹೊರಬರುವ ಕಡೆ ಬಿಸಿ ತಡೆಯುವ ಇನ್ನೊಂದು ಪಂಪು ಹಾಕಬೇಕಾಗುತ್ತದೆ.

ಚಿಕ್ಕ ಪಂಪುಗಳಲ್ಲಿ ಹೆಚ್ಚಿನವಕ್ಕೆ ಫ್ಲೋ ಸ್ವಿಚ್ ಇರುತ್ತದೆ: ನೀರು ತುಸು ಹರಿದರೆ ಮಾತ್ರ ಚಾಲೂ ಆಗುತ್ತದೆ. ಶವರ್ ತಲೆ ಟ್ಯಾಂಕಿನ ನೀರಿನ ಮಟ್ಟಕ್ಕೆ ಸಮವಾಗಿದ್ದರೆ ಹರಿವೇ ಇರುವುದಿಲ್ಲ, ಪಂಪು ಏಳುವುದಿಲ್ಲ. ಟ್ಯಾಂಕು ತುಂಬಿದ್ದಾಗ ಕೆಲಸ ಮಾಡಿ, ಅರ್ಧಕ್ಕಿಳಿದಾಗ ಮಲಗುವ ಪಂಪಿನ ರೋಗ ಬಹುತೇಕ ಇದೇ. ಅಲ್ಲಿ ಪೈಪಿನ ಒತ್ತಡ ಇಳಿದ ಕೂಡಲೇ ಚಾಲೂ ಆಗುವ ಪ್ರೆಶರ್ ಸ್ವಿಚ್ಚಿನ ಪಂಪು ಬೇಕು. ಆದರೆ ಅದಕ್ಕೆ ಒಂದು ಸೋರುವ ನಲ್ಲಿ ಸಾಕು, ರಾತ್ರಿಯಿಡೀ ಹತ್ತಿ ಆರಿ ನಿದ್ದೆಗೆಡಿಸುತ್ತದೆ. ಮೊದಲು ನಲ್ಲಿಯ ವಾಷರ್ ಬದಲಿಸಿ.

ಕೊನೆಗೆ, ನಮ್ಮ ಹುಡುಗರು ಅವಸರದಲ್ಲಿ ಬಿಡುವ ಕೆಲಸವೊಂದಿದೆ. ಪಂಪಿಗೆ ಸಮಾನಾಂತರವಾಗಿ ಒಂದು ಬೈಪಾಸ್ ಪೈಪು, ಅದರಲ್ಲಿ ನಾನ್ ರಿಟರ್ನ್ ವಾಲ್ವ್. ಕರೆಂಟು ಹೋದಾಗ ನೀರು ಹಳೆಯ ದಾರಿಯಲ್ಲೇ ಇಳಿಯುತ್ತದೆ. ಪಂಪು ಓಡುವಾಗ ತಳ್ಳಿದ ನೀರು ಸುತ್ತಿ ಹಿಂದಕ್ಕೆ ಬರದಂತೆ ವಾಲ್ವ್ ತಡೆಯುತ್ತದೆ. ಪಂಪಿನ ಎರಡೂ ಬದಿಗೆ, ಪೈಪು ಕೊಯ್ಯದೆ ಬಿಚ್ಚಬಹುದಾದ ಯೂನಿಯನ್ ಜಾಯಿಂಟು ಮತ್ತು ವಾಲ್ವ್ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಪಂಪು ರಿಪೇರಿಗೆ ಹೋದ ದಿನ ಇಡೀ ಟ್ಯಾಂಕು ಖಾಲಿ ಮಾಡಿ ಪೈಪು ಕೊಯ್ಯಬೇಕಾದೀತು.